ಲಾಕರ್ ಬೇರೆ, ಸ್ಟ್ರಾಂಗ್ ರೂಮ್ ಬೇರೆ



ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಈ ವಾರ ಒಂದು ಒಳ್ಳೆಯ ಪ್ರಶ್ನೆ ಕಳಿಸಿದ್ದಾಳೆ. "ತಾತ, ನಮ್ಮ ಶಾಲೆಯವರೆಲ್ಲ ತಾವು ನೋಡಿದ ಹಕ್ಕಿಗಳ ಫೋಟೊ ಹಾಕುವಂಥ ಒಂದು ಆ್ಯಪ್ ಮಾಡಬೇಕು ಅಂತಿದ್ದೇನೆ. ಫೋಟೊಗಳನ್ನು ಕ್ಲೌಡ್‌ನಲ್ಲಿ ಇಡಬೇಕು ಎಂದರು ಕಂಪ್ಯೂಟರ್ ಮೇಷ್ಟ್ರು. ನನ್ನ ಫೋನಿನಲ್ಲಿ ಗೂಗಲ್ ಡ್ರೈವ್ ಇದೆ. ಅದೂ ಕ್ಲೌಡೇ ತಾನೆ? ಹಾಗಾದರೆ ಗೂಗಲ್ ಕ್ಲೌಡ್ ಅಂತ ಇನ್ನೊಂದು ಯಾಕೆ?"

ಎರಡೂ ಕ್ಲೌಡೇ ಮಗು. ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ, ಬೇರೆ ಊರಿನ ದೊಡ್ಡ ಕಟ್ಟಡದಲ್ಲಿ ಹಗಲು ರಾತ್ರಿ ಓಡುವ ಸಾವಿರಾರು ಕಂಪ್ಯೂಟರುಗಳು. ಇಂಟರ್‌ನೆಟ್ ಮೂಲಕ ನಾವು ಅವನ್ನು ಬಳಸುತ್ತೇವೆ. ಆದರೆ ಬಳಸುವ ಬಗೆ ಎರಡು. ಬ್ಯಾಂಕಿನಲ್ಲಿ ದುಡಿದವನಾದ್ದರಿಂದ ನನಗೆ ಬ್ಯಾಂಕಿನ ಹೋಲಿಕೆಯೇ ಸುಲಭ.

ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ಐಕ್ಲೌಡ್ ಇವೆಲ್ಲ ಲಾಕರ್ ಇದ್ದ ಹಾಗೆ. ಲಾಕರಿನ ಅಳತೆ ಮೊದಲೇ ಗೊತ್ತು, ಬಾಡಿಗೆಯೂ ಗೊತ್ತು. ನಿಮ್ಮ ಕೀಲಿಯಿಂದ ತೆಗೆದು, ಒಡವೆ ಇಟ್ಟು, ಬೀಗ ಹಾಕಿ ಮನೆಗೆ ಹೋಗುತ್ತೀರಿ. ಗೂಗಲ್ ಖಾತೆಯೊಂದಕ್ಕೆ 15 ಜಿಬಿ ಜಾಗ ಉಚಿತ. ಡ್ರೈವ್, ಜಿಮೇಲ್, ಗೂಗಲ್ ಫೋಟೋಸ್ ಮೂರೂ ಆ 15 ಜಿಬಿಯನ್ನೇ ಹಂಚಿಕೊಳ್ಳುತ್ತವೆ. ತುಂಬಿದರೆ ಹೊಸದು ಹಿಡಿಸುವುದಿಲ್ಲ, ಅಷ್ಟೆ. ನೀವಾಗಿ ಹೆಚ್ಚು ಜಾಗ ಕೊಳ್ಳದೆ ಬಿಲ್ ಬರುವುದಿಲ್ಲ.

ಅಮೆಜಾನ್ ವೆಬ್ ಸರ್ವಿಸಸ್, ಗೂಗಲ್ ಕ್ಲೌಡ್, ಮೈಕ್ರೋಸಾಫ್ಟ್ ಅಜೂರ್ ಇವು ಬೇರೆ ಜಾತಿ. ಇಲ್ಲಿ ನಿಮಗೆ ಕೊಡುವುದು ಲಾಕರನ್ನಲ್ಲ. ಸ್ಟ್ರಾಂಗ್ ರೂಮು, ಕೌಂಟರು, ಕರೆಂಟು, ಕಾವಲುಗಾರ ಎಲ್ಲವನ್ನೂ ಬಿಡಿಬಿಡಿಯಾಗಿ ಬಾಡಿಗೆಗೆ ಕೊಡುತ್ತಾರೆ. ಅವನ್ನು ಜೋಡಿಸಿ ನಿಮ್ಮದೇ ಬ್ಯಾಂಕ್ ನಡೆಸಬಹುದು. ಅಂದರೆ, ಬೇರೆಯವರು ಬಂದು ಬಳಸುವ ಆ್ಯಪ್ ಕಟ್ಟಬಹುದು.

ಈ ವ್ಯತ್ಯಾಸ ಚೆನ್ನಾಗಿ ಕಾಣುವುದು ಡ್ರಾಪ್‌ಬಾಕ್ಸ್ ಕಥೆಯಲ್ಲಿ. ಅಮೆರಿಕದ ಡ್ರೂ ಹ್ಯೂಸ್ಟನ್ ಮತ್ತು ಆರಶ್ ಫೆರ್ದೌಸಿ ಎಂಬ ಇಬ್ಬರು ಯುವಕರು 2007ರಲ್ಲಿ ಆ ಕಂಪನಿ ಶುರು ಮಾಡಿದರು. ಲಕ್ಷಾಂತರ ಜನರ ಕಡತಗಳನ್ನು ಕಾಪಾಡುವುದು ಅವರ ಉದ್ದೇಶ. ಅಷ್ಟು ಕಡತಗಳಿಗೆ ಬೇಕಾದ ಯಂತ್ರಗಳನ್ನು ಕೊಳ್ಳುವ ಹಣ ಹೊಸ ಕಂಪನಿಯ ಬಳಿ ಎಲ್ಲಿರುತ್ತದೆ? ಅದಕ್ಕೆ ಒಂದು ವರ್ಷ ಮೊದಲು, 2006ರಲ್ಲಿ, ಅಮೆಜಾನ್ 'ಸಿಂಪಲ್ ಸ್ಟೋರೇಜ್ ಸರ್ವಿಸ್' ಎಂಬ ಸೇವೆ ತೆರೆದಿತ್ತು. ಮೂರು ಪದಗಳೂ ಇಂಗ್ಲಿಷಿನಲ್ಲಿ ಎಸ್‌ ಅಕ್ಷರದಿಂದ ಶುರುವಾಗುವುದರಿಂದ ಅದನ್ನು 'ಎಸ್-3' ಎನ್ನುತ್ತಾರೆ. ಆಗಿನ ಬಾಡಿಗೆ ಒಂದು ಜಿಬಿಗೆ ತಿಂಗಳಿಗೆ 15 ಸೆಂಟ್. ಡ್ರಾಪ್‌ಬಾಕ್ಸ್ ತನ್ನ ಗಿರಾಕಿಗಳ ಕಡತಗಳನ್ನು ಅಲ್ಲಿ ಇಟ್ಟಿತು.

ಗಮನಿಸಿ, ಜನ ತಮ್ಮ ಕಡತವನ್ನು ಡ್ರಾಪ್‌ಬಾಕ್ಸ್ ಎಂಬ ಲಾಕರಿಗೆ ಹಾಕುತ್ತಿದ್ದರು, ಆ ಲಾಕರುಗಳು ಇದ್ದದ್ದು ಅಮೆಜಾನಿನಿಂದ ಬಾಡಿಗೆಗೆ ಪಡೆದ ಸ್ಟ್ರಾಂಗ್ ರೂಮಿನಲ್ಲಿ! ವ್ಯಾಪಾರ ಬೆಳೆದ ಮೇಲೆ ಕಂಪನಿ ಸ್ವಂತ ಯಂತ್ರಗಳನ್ನು ಮಾಡಿಕೊಂಡಿತು. ಗಿರಾಕಿಗಳ ಕಡತಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಅಲ್ಲಿಗೆ ಸಾಗಿಸಿದ್ದೇವೆ ಎಂದು 2016ರಲ್ಲಿ ಹೇಳಿತು. ಗಿರಾಕಿಗಳು ಮಾತ್ರ ಮೊದಲಿನಂತೆಯೇ ತಮ್ಮ ಆ್ಯಪ್ ತೆರೆದು ಕಡತ ನೋಡುತ್ತಿದ್ದರು. ಲಾಕರ್ ಇಟ್ಟವನಿಗೆ ಕಟ್ಟಡದ ಚಿಂತೆ ಇಲ್ಲ. ಬ್ಯಾಂಕ್ ನಡೆಸುವವನಿಗೆ ಆ ಚಿಂತೆ ಇರಲೇಬೇಕು.

ಈಗ ಹಕ್ಕಿಯ ಆ್ಯಪ್ ವಿಷಯಕ್ಕೆ ಬರೋಣ. ನಿನ್ನ ತರಗತಿಯ ನಲವತ್ತು ಮಕ್ಕಳು ಮಾತ್ರವಾದರೆ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಎಲ್ಲರೊಡನೆ ಹಂಚಿಕೊಂಡರೆ ಸಾಕು. ಆದರೆ ಆ್ಯಪ್ ಎಂದ ಮೇಲೆ, ಯಾರೋ ಒಬ್ಬ ಮಧ್ಯರಾತ್ರಿ ಗೂಬೆಯ ಫೋಟೊ ಹಾಕಿದರೂ ಅದನ್ನು ಪಡೆದುಕೊಳ್ಳಲು ಒಂದು ಪ್ರೋಗ್ರಾಂ ಎಚ್ಚರವಾಗಿರಬೇಕು. ಯಾರು ಹಾಕಿದರು, ಯಾವ ಹಕ್ಕಿ, ಯಾವ ದಿನ ಎಂದು ಅದು ಬರೆದಿಡಬೇಕು. ಒಬ್ಬರ ಫೋಟೊವನ್ನು ಇನ್ನೊಬ್ಬರು ಅಳಿಸದಂತೆ ನೋಡಿಕೊಳ್ಳಬೇಕು. ಡ್ರೈವ್ ಕಡತಗಳನ್ನು ಪ್ರೋಗ್ರಾಂ ಮೂಲಕವೂ ತೆಗೆದು ಇಡಬಹುದು ನಿಜ, ಆದರೆ ನಿನ್ನ ಪ್ರೋಗ್ರಾಂ ಓಡಲು ಡ್ರೈವ್ ಕಂಪ್ಯೂಟರ್ ಕೊಡುವುದಿಲ್ಲ. ಎರಡನೇ ಬಗೆಯ ಕ್ಲೌಡ್ ಕೊಡುತ್ತದೆ.

ಖರ್ಚು ಎಷ್ಟು? ಇನ್ನೂರು ಮಕ್ಕಳು ತಲಾ ಹತ್ತು ಫೋಟೊ ಹಾಕಿದರೆ ಎರಡು ಸಾವಿರ ಫೋಟೊ. ಒಂದೊಂದು 3 ಎಂಬಿ ಎಂದರೆ ಒಟ್ಟು 6 ಜಿಬಿ. ಇವನ್ನು ಹಾಕುವ ಡಬ್ಬಿಗೆ ಅಲ್ಲಿ 'ಬಕೆಟ್' ಎಂದೇ ಹೆಸರು, ಬಚ್ಚಲುಮನೆಯ ಬಕೆಟ್ಟೇ! ಒಂದು ಜಿಬಿಗೆ ತಿಂಗಳಿಗೆ ಎರಡೂವರೆ ಸೆಂಟ್ ಎಂದು ಹಿಡಿದರೆ 6 ಜಿಬಿಗೆ 15 ಸೆಂಟ್, ಅಂದರೆ ನಮ್ಮ ಹತ್ತು ಹದಿನೈದು ರೂಪಾಯಿ.

ಇಷ್ಟೇನಾ ಎನ್ನಬೇಡಿ. ಪ್ರೋಗ್ರಾಂ ಓಡುವ ಬಾಡಿಗೆ ಕಂಪ್ಯೂಟರಿಗೆ ಗಂಟೆಯ ಲೆಕ್ಕ. ಅತಿ ಚಿಕ್ಕದಕ್ಕೆ ಗಂಟೆಗೆ ಒಂದು ಸೆಂಟ್ ಎಂದುಕೊಳ್ಳಿ. ತಿಂಗಳಿಗೆ 720 ಗಂಟೆ, ಅಂದರೆ 7 ಡಾಲರ್ 20 ಸೆಂಟ್, ಆರುನೂರು ರೂಪಾಯಿಗೂ ಮೇಲೆ. ಯಾರೂ ಒಂದು ಫೋಟೊ ಹಾಕದಿದ್ದರೂ ಈ ಹಣ ಕೊಡಲೇಬೇಕು. ನಿಮ್ಮ ಮನೆಯ ಲ್ಯಾಪ್‌ಟಾಪ್ ಮುಚ್ಚಿ ಮಲಗಿದರೆ ಅಲ್ಲಿನ ಕಂಪ್ಯೂಟರ್ ನಿಲ್ಲುವುದಿಲ್ಲ. ಅದನ್ನು ಅಲ್ಲಿಗೇ ಹೋಗಿ ನಿಲ್ಲಿಸಬೇಕು. ಖಾಲಿ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೂ ಮೀಟರ್ ಓಡುತ್ತದಲ್ಲ, ಹಾಗೆ.

ಇನ್ನೊಂದು ಅಪಾಯವಿದೆ. ಪ್ರೋಗ್ರಾಂ ಬಕೆಟ್ಟಿನ ಬಾಗಿಲು ತೆರೆಯಲು ಉದ್ದನೆಯ ಗುಪ್ತ ಅಕ್ಷರಸಾಲು ಒಂದನ್ನು ಕೊಡುತ್ತಾರೆ. ಅದನ್ನು 'ಕೀ' ಎನ್ನುತ್ತಾರೆ. ಪ್ರೋಗ್ರಾಮಿನೊಳಗೇ ಕೀ ಬರೆದು, ಆ ಪ್ರೋಗ್ರಾಮನ್ನು ಎಲ್ಲರೂ ನೋಡುವ ಕಡೆ ಹಾಕಿದರೆ ಅದು ಅಪರಿಚಿತರ ಕೈಗೂ ಸಿಗುತ್ತದೆ. ಅವರು ನಿಮ್ಮ ಹೆಸರಿನಲ್ಲಿ ದೊಡ್ಡ ದೊಡ್ಡ ಕಂಪ್ಯೂಟರ್ ಬಾಡಿಗೆಗೆ ಹಿಡಿಯಬಹುದು, ಬಿಲ್ ನಿಮ್ಮ ಕಾರ್ಡಿಗೆ. ಇಂತಿಷ್ಟು ದಾಟಿದರೆ ತಿಳಿಸಿ ಎಂದು ಎಚ್ಚರಿಕೆಯ ಮಿತಿ ಇಡುವ ಅವಕಾಶವಿದೆ. ಆದರೆ ಸಾಮಾನ್ಯವಾಗಿ ಆ ಮಿತಿ ಇಮೇಲ್ ಕಳಿಸುತ್ತದೆಯೇ ಹೊರತು ಖರ್ಚನ್ನು ತಾನಾಗಿ ನಿಲ್ಲಿಸುವುದಿಲ್ಲ.

ಆದ್ದರಿಂದ ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು "ಕ್ಲೌಡ್‌ಗೆ ಕಾರ್ಡ್ ನಂಬರ್ ಬೇಕು" ಎಂದಾಗ ಪರದೆಯ ಮೇಲಿನ ವಿಳಾಸ ಓದಿ ನೋಡಿ. drive.google.com ಎಂದಿದ್ದರೆ ಅದು ಲಾಕರ್. console.cloud.google.com ಅಥವಾ console.aws.amazon.com ಎಂದಿದ್ದರೆ ಅದು ಸ್ಟ್ರಾಂಗ್ ರೂಮಿನ ಬಾಗಿಲು. ಒಳಗೆ Bucket, Instance, Billing ಎಂಬ ಪದಗಳು ಕಾಣುತ್ತವೆ. ಅಲ್ಲಿ ಕಾರ್ಡ್ ಕೊಟ್ಟರೆ ಮೀಟರ್ ಹಾಕಿಸಿಕೊಂಡಂತೆ. ಬೇಡ ಎನ್ನಬೇಕಿಲ್ಲ, ಆದರೆ ಹಿರಿಯರೊಬ್ಬರ ಹೆಸರಿನ ಖಾತೆಯಾಗಿರಲಿ, ಮೊದಲ ದಿನವೇ ನೂರು ರೂಪಾಯಿಗೆ ಎಚ್ಚರಿಕೆ ಇಡಿ, ವಾರಕ್ಕೊಮ್ಮೆ Billing ಪುಟವನ್ನು ಪಾಸ್‌ಬುಕ್ ನೋಡುವ ಹಾಗೆ ನೋಡಿ.

ಹಕ್ಕಿ ಆ್ಯಪಿನ ಪುಟ್ಟಿ, ನೀನು ಮೊದಲು ಹಂಚಿಕೊಂಡ ಫೋಲ್ಡರಿನಲ್ಲಿ ಒಂದು ತಿಂಗಳು ಫೋಟೊ ಕೂಡಿಸಿ ನೋಡು. ಎಷ್ಟು ಮಕ್ಕಳು ಹಾಕುತ್ತಾರೆ, ಎಷ್ಟು ಜಿಬಿ ಆಗುತ್ತದೆ ಎಂಬ ಲೆಕ್ಕ ಸಿಗುತ್ತದೆ. ಆ ಲೆಕ್ಕ ಹಿಡಿದುಕೊಂಡು ಮೇಷ್ಟ್ರ ಜೊತೆ ಕೂತು ಬಕೆಟ್ ತೆರೆ. ಆ ದಿನ ಕೆಲಸ ಮುಗಿದ ಮೇಲೆ ಬಾಡಿಗೆ ಕಂಪ್ಯೂಟರನ್ನು ನಿಲ್ಲಿಸಿದ್ದೀರಾ ಎಂದು ಮೇಷ್ಟ್ರನ್ನು ಕೇಳಿಯೇ ಮನೆಗೆ ಹೋಗು.