ಲೋಳೆಸರ ಜ್ಯೂಸ್: ನಮ್ಮಿಂದ ಇಳಿದದ್ದು ಕೊಬ್ಬಲ್ಲ, ನೀರು

ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ನಮ್ಮ ರೂಮಲ್ಲಿ ‘7 ದಿನದ ಡಿಟಾಕ್ಸ್’ ಶುರುವಾಯ್ತು. ಯಾವುದೋ ರೀಲ್ ನೋಡಿ ಹಾಸ್ಟೆಲ್ ಹಿಂದಿನ ಕುಂಡದಿಂದ ಲೋಳೆಸರದ ಎಲೆ ಕಿತ್ತು, ಮುಳ್ಳು ಮಾತ್ರ ತೆಗೆದು, ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿದ್ವಿ. ಕಹಿ ಗೊತ್ತಾಗಬಾರದು ಅಂತ ನಿಂಬೆರಸ, ಜೇನುತುಪ್ಪ. ಬೆಳಗ್ಗೆ ಆರೂವರೆಗೆ ಒಂದೊಂದು ಲೋಟ ಕುಡಿದ್ವಿ.

ಮಧ್ಯಾಹ್ನ ಮೂರರವರೆಗೂ ಏನೂ ಆಗ್ಲಿಲ್ಲ. ಆಮೇಲೆ ಹೊಟ್ಟೆ ಹಿಂಡಿದ ಹಾಗೆ ನೋವು, ಸಂಜೆಯೊಳಗೆ ನಾಲ್ಕು ಸಲ ಭೇದಿ. ನಾವು ಬೈದಿದ್ದು ಮೆಸ್ಸಿನ ಸಾಂಬಾರಿಗೆ! ಮೂರನೇ ದಿನ ತೂಕ ಒಂದೂವರೆ ಕೆಜಿ ಕಡಿಮೆ. ಖುಷಿಯಿಂದ ಸ್ಟೋರಿ ಹಾಕಿದೆ. ಅವತ್ತೇ ರಾತ್ರಿ ಮೀನಖಂಡ ಹಿಡ್ಕೊಂಡು ನಿಲ್ಲೋಕೂ ಆಗ್ಲಿಲ್ಲ. ಕುಡಿಯೋದು ನಿಲ್ಲಿಸಿ ಎರಡು ದಿನ ಸರಿಯಾಗಿ ಊಟ ಮಾಡಿ, ನೀರು ಕುಡಿದ ಮೇಲೆ ತೂಕ ಮೊದಲಿನ ಜಾಗಕ್ಕೇ ಬಂತು.

ಆಗಿದ್ದೇನು ಅಂತ ಆಮೇಲೆ ಓದಿ ತಿಳ್ಕೊಂಡೆ. ಲೋಳೆಸರದ ಎಲೆಯಲ್ಲಿ ಎರಡು ಬೇರೆ ಬೇರೆ ರಸ ಇದೆ. ಒಳಗಿರೋದು ಬಣ್ಣವಿಲ್ಲದ ತಿಳಿ ಲೋಳೆ. ಹಸಿರು ಸಿಪ್ಪೆಯ ಕೆಳಗೇ, ಸಣ್ಣ ನಾಳಗಳಲ್ಲಿ ಇರೋದು ಕಹಿಯಾದ ಹಳದಿ ರಸ. ಅದರಲ್ಲಿ ಅಲೋಯಿನ್ ಅನ್ನೋ ವಸ್ತು ಇದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನ ಒಡೆದ ಮೇಲೇ ಅದು ಕೆಲಸ ಶುರು ಮಾಡೋದು. ಕರುಳು ಜೋರಾಗಿ ಹಿಂಡುತ್ತೆ, ನೀರನ್ನ ಹೀರ್ಕೊಳ್ಳೋದು ಕಡಿಮೆಯಾಗುತ್ತೆ. ಅದಕ್ಕೇ ಪರಿಣಾಮ ಕಾಣೋಕೆ ಸುಮಾರು 6ರಿಂದ 12 ಗಂಟೆ ಬೇಕು, ಅದಕ್ಕೇ ತಪ್ಪು ಸಾಂಬಾರಿನ ತಲೆಗೆ ಬರುತ್ತೆ. ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತೆ. ಅದು ಕಮ್ಮಿಯಾದ್ರೆ ಸ್ನಾಯು ಸೋಲುತ್ತೆ, ಹೃದಯದ ಬಡಿತವೂ ತಪ್ಪಬಹುದು.

“ನಮ್ಮಜ್ಜಿ ತಿಂತಿದ್ರಲ್ಲ?” ಅಂತ ಕೇಳ್ತೀರ. ತಿಂತಿದ್ರು, ಆದ್ರೆ ಹಳದಿ ಇಳಿಸಿ, ತೊಳೆದು. ಆ ಹಳದಿ ರಸ ಒಣಗಿಸಿದ್ರೆ ಸಿಗೋದೇ ಗ್ರಂಧಿಗೆ ಅಂಗಡಿಯ ಕರಿಬೋಳ. ಅದು ಅಳತೆ ನೋಡಿ ಕೊಡೋ ಔಷಧಿ, ಲೋಟದಲ್ಲಿ ಕುಡಿಯೋ ಜ್ಯೂಸ್ ಅಲ್ಲ. ಅಮೆರಿಕದಲ್ಲಿ ಚೀಟಿಯಿಲ್ಲದೆ ಮಾರ್ತಿದ್ದ ಅಲೋ ಭೇದಿ ಔಷಧಿಗಳನ್ನ ಎಫ್‌ಡಿಎ 2002ರಲ್ಲಿ ನಿಲ್ಲಿಸಿತು, ಸುರಕ್ಷಿತ ಅನ್ನೋಕೆ ಬೇಕಾದ ಮಾಹಿತಿಯನ್ನ ಕಂಪನಿಗಳು ಕೊಟ್ಟಿರಲಿಲ್ಲ. ಹಳದಿ ತೆಗೆಯದ ಇಡೀ ಎಲೆಯ ಸಾರವನ್ನ ಎರಡು ವರ್ಷ ಕುಡಿಸಿದ ಇಲಿಗಳ ದೊಡ್ಡ ಕರುಳಲ್ಲಿ ಗಡ್ಡೆಗಳೂ ಕಂಡಿವೆ. ಮನುಷ್ಯರಿಗೂ ಹಾಗೇ ಆಗುತ್ತೆ ಅಂತ ಇದರರ್ಥ ಅಲ್ಲ. ಆದ್ರೆ ದಿನಾ ಕುಡಿಯೋ ಚಾಲೆಂಜ್‌ಗೆ ನನ್ನ ಉತ್ತರ ಬೇಡ ಅನ್ನೋದಕ್ಕೆ ಇಷ್ಟು ಸಾಕು.

ಯಾವಾಗಲೋ ಒಮ್ಮೆ ತಿನ್ನೋದಾದ್ರೆ ಹೀಗೆ ಮಾಡಿ. ಬುಡದ ಕಡೆಯ ಬಲಿತ ಎಲೆ ಕೊಯ್ದು, ಕೊಯ್ದ ತುದಿ ಕೆಳಗೆ ಬರೋ ಹಾಗೆ ಲೋಟದಲ್ಲಿ ನಿಲ್ಲಿಸಿ. ಹಳದಿ ತೊಟ್ಟಿಕ್ಕೋದು ನಿಲ್ಲೋವರೆಗೆ, ಅರ್ಧ ಗಂಟೆಯಾದ್ರೂ ಬಿಡಿ. ಬುಡದ ಎರಡು ಬೆರಳಗಲ ಮತ್ತು ಎರಡೂ ಬದಿಯ ಮುಳ್ಳಿನಂಚು ಕತ್ತರಿಸಿ ಬಿಸಾಕಿ. ಸಿಪ್ಪೆನ ಸ್ವಲ್ಪ ದಪ್ಪವಾಗಿಯೇ ತೆಗೀರಿ, ಸಿಪ್ಪೆಗೆ ಅಂಟಿದ ಲೋಳೆನ ಚಮಚದಿಂದ ಕೆರೆದು ಉಳಿಸೋ ಆಸೆ ಬೇಡ. ಹಳದಿ ಇರೋದೇ ಅಲ್ಲಿ. ಉಳಿದ ತಿಳಿ ತಿರುಳನ್ನ ತುಂಡು ಮಾಡಿ, ಮೂರ್ನಾಲ್ಕು ಸಲ ನೀರು ಬದಲಾಯಿಸಿ ತೊಳೀರಿ. ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ರೆ ಹಳದಿ ಹೋಗಿಲ್ಲ, ಬಿಸಾಕಿ. ನಿಂಬೆ, ಜೇನು ಹಾಕೋದೆಲ್ಲ ಇದಾದ್ಮೇಲೆ, ಯಾಕಂದ್ರೆ ನಮ್ಮನ್ನ ಎಚ್ಚರಿಸಬೇಕಿದ್ದ ಕಹಿನ ಮುಚ್ಚಿದ್ದೇ ಅವು. ಇಷ್ಟು ಮಾಡಿದ್ರೂ ಅಲೋಯಿನ್ ಎಷ್ಟು ಉಳೀತು ಅಂತ ಮನೆಯಲ್ಲಿ ಅಳೆಯೋಕಾಗಲ್ಲ. ಹಾಗಾಗಿ ಒಂದೆರಡು ಚಮಚಕ್ಕೆ ನಿಲ್ಲಿಸಿ. ಮುಖಕ್ಕೆ ಹಚ್ಚೋ ಟ್ಯೂಬಿನ ಜೆಲ್ ಅಂತೂ ಬಾಯಿಗೆ ಬೇಡವೇ ಬೇಡ.

ಕೆಲವರು ಇಷ್ಟೂ ತಿನ್ನಬಾರದು. ಗರ್ಭಿಣಿಯರು, ಮಗುಗೆ ಹಾಲು ಕುಡಿಸೋರು, 12 ವರ್ಷದೊಳಗಿನ ಮಕ್ಕಳು. ಕರುಳಿನ ಉರಿಯೂತ ಅಥವಾ ಕಿಡ್ನಿ ತೊಂದರೆ ಇರೋರು. ಕಾರಣ ಗೊತ್ತಿಲ್ಲದ ಹೊಟ್ಟೆನೋವು ಇರೋರು, ಅದು ಅಪೆಂಡಿಕ್ಸ್ ಆಗಿದ್ರೆ ಭೇದಿ ಅಪಾಯ. ಮನೆಯಲ್ಲಿ ಅಪ್ಪನೋ ಅಜ್ಜನೋ ಮೂತ್ರ ಹೆಚ್ಚಿಸೋ ಬಿಪಿ ಮಾತ್ರೆ ಅಥವಾ ಹೃದಯಕ್ಕೆ ಡಿಗಾಕ್ಸಿನ್ ತಗೊಳ್ತಿದ್ರೆ ಅವರಿಗೆ ಈ ಜ್ಯೂಸ್ ಕೊಡ್ಲೇಬೇಡಿ, ಪೊಟ್ಯಾಸಿಯಂ ಇಳಿದ್ರೆ ಅವರಿಗೆ ನಮಗಿಂತ ಹೆಚ್ಚು ಅಪಾಯ. ಸಕ್ಕರೆ ಕಾಯಿಲೆಯ ಔಷಧಿ ತಗೊಳ್ಳೋರು ಡಾಕ್ಟರನ್ನ ಕೇಳದೆ ಮುಟ್ಟೋದು ಬೇಡ.

ನನ್ನ ಆ ‘ಒಂದೂವರೆ ಕೆಜಿ’ ಸ್ಟೋರಿ ನೋಡಿ ಜೂನಿಯರ್ಸ್ ಇಬ್ಬರು ರೆಸಿಪಿ ಕೇಳಿದ್ರು, ನಾನು ಕಳಿಸಿದ್ದೆ. ಈ ಪೋಸ್ಟ್ ಮೊದಲು ಅವರಿಗೇ ಹೋಗುತ್ತೆ. ನೀವೂ ಯಾರಿಗಾದ್ರೂ ಆ ರೀಲ್ ಕಳಿಸಿದ್ರೆ, ಇದನ್ನೂ ಕಳಿಸಿ.

#ಲೋಳೆಸರ #ಹಾಸ್ಟೆಲ್‌ಕಥೆ #ಕನ್ನಡದಲ್ಲಿಆರೋಗ್ಯ