‘ಅಥವಾ’ ಎಂದರೆ ಸಾಲದು

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಡಿಪ್ಲೊಮಾ ಸೇರುವ ನಮ್ಮ ಗಡಿನಾಡಿನ ಮಕ್ಕಳಿಗೆ ಮೊದಲ ವರ್ಷದ ಡಿಜಿಟಲ್ ತರ್ಕಶಾಸ್ತ್ರದ ಪದಗಳು ಕಬ್ಬಿಣದ ಕಡಲೆಯಾಗುವುದು ಸಹಜ. ಅದಕ್ಕೊಂದು ಕನ್ನಡ ಪದಕೋಶ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಿಘಂಟು ತೆರೆದು ಇಂಗ್ಲಿಷ್ ಪದದೆದುರು ಕನ್ನಡ ಪದ ಬರೆಯುತ್ತ ಹೋದರೆ, ಆ ಪದಕೋಶವೇ ವಿದ್ಯಾರ್ಥಿಯನ್ನು ದಾರಿ ತಪ್ಪಿಸೀತು.

‘ಆರ್’ ಗೇಟಿಗೆ ‘ಅಥವಾ’ ಎಂದು ಬರೆದೆವೆನ್ನಿ. ಮನೆಗೆ ಬಂದವರನ್ನು ಕಾಫಿ ಅಥವಾ ಚಹ ಎಂದು ಕೇಳಿದರೆ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ. ಪಡಿತರ ಚೀಟಿ ಅಥವಾ ಗುರುತು ಚೀಟಿ ತನ್ನಿ ಎಂದಲ್ಲಿ ಎರಡನ್ನೂ ಒಯ್ದವನನ್ನು ಯಾರೂ ಹಿಂದಕ್ಕೆ ಕಳಿಸುವುದಿಲ್ಲ. ‘ಅಥವಾ’ದಲ್ಲಿ ಹೀಗೆ ಎರಡು ಅರ್ಥಗಳಿವೆ, ಗೇಟಿಗೆ ಇರುವುದು ಒಂದೇ. ಆರ್ ಗೇಟಿನ ಎರಡು ಒಳಬದಿಗಳಿಗೂ 1 ಕೊಟ್ಟರೆ ಹೊರಗೆ 1 ಬರುತ್ತದೆ. ಆದ್ದರಿಂದ ಅದರ ಸರಿಯಾದ ಕನ್ನಡ ‘ಒಂದಾದರೂ’.

ಕಾಫಿ-ಚಹದ ಅರ್ಥಕ್ಕೆ ಬೇರೆಯೇ ಗೇಟಿದೆ. ಅದು ‘ಎಕ್ಸ್-ಆರ್’, ಕನ್ನಡದಲ್ಲಿ ‘ಒಂದು ಮಾತ್ರ’. ಮಾಳಿಗೆಯ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ಚಿರುತ್ತದೆ. ಎರಡೂ ಕೆಳಗಿದ್ದಾಗ ದೀಪ ಆರಿರುವಂತೆ ತಂತಿ ಜೋಡಿಸಿದ್ದರೆ, ಒಂದನ್ನು ಮಾತ್ರ ಮೇಲೆತ್ತಿದಾಗ ಅದು ಉರಿಯುತ್ತದೆ, ಎರಡನ್ನೂ ಎತ್ತಿದಾಗ ಮತ್ತೆ ಆರುತ್ತದೆ. ಎಕ್ಸ್-ಆರ್ ಮಾಡುವುದೂ ಇದನ್ನೇ. ಆದರೆ ಈ ಹೆಸರು ಎರಡು ಒಳಬದಿಗಳಿಗಷ್ಟೇ ಸಲ್ಲುತ್ತದೆಂದು ಪದಕೋಶ ಹೇಳಬೇಕು. ಮೂರು ಒಳಬದಿಗಳ ಎಕ್ಸ್-ಆರ್‌ನಲ್ಲಿ ಮೂರೂ 1 ಆದಾಗಲೂ ಹೊರಗೆ 1 ಬರುತ್ತದೆ. ಅಲ್ಲಿನ ನಿಯಮ ‘ಬೆಸಸಂಖ್ಯೆಯಷ್ಟು ಒಂದುಗಳು’.

‘ಆಂಡ್’ ಗೇಟಿಗೆ ‘ಮತ್ತು’ ಎನ್ನುವುದರಲ್ಲೂ ಅಪಾಯವಿದೆ. ಎರಡು ಮತ್ತು ಮೂರು ಸೇರಿ ಐದು ಎಂದು ಕಲಿತ ಮಗುವಿಗೆ ‘ಮತ್ತು’ ಎಂದೊಡನೆ ನೆನಪಾಗುವುದು ಕೂಡಿಸುವ ಚಿಹ್ನೆ. ತರ್ಕದ ಬೀಜಗಣಿತದಲ್ಲಾದರೋ `A + B` ಎಂಬುದು ಆರ್. ಆಂಡ್ ಅನ್ನು ಗುಣಾಕಾರದಂತೆ `A · B` ಎಂದು ಬರೆಯುತ್ತಾರೆ. ಆಂಡ್‌ಗೆ ‘ಎರಡೂ’ ಎಂದರೆ ಈ ಗೊಂದಲವಿಲ್ಲ. ಒಳಬದಿಗಳು ಹೆಚ್ಚಿದ್ದರೆ ‘ಎಲ್ಲವೂ’ ಎಂದರಾಯಿತು.

ಎಲ್ಲಕ್ಕಿಂತ ಹೆಚ್ಚು ಎಡವುವುದು ‘ನ್ಯಾಂಡ್’ ಮತ್ತು ‘ನಾರ್’ಗಳಲ್ಲಿ. ನ್ಯಾಂಡ್ ಎಂದರೆ ಆಂಡ್‌ನ ನಿಷೇಧ. ಹಾಗಾಗಿ ‘ಎರಡೂ ಇಲ್ಲ’ ಎಂದು ಬರೆಯುವ ಮನಸ್ಸಾಗುತ್ತದೆ. ಆದರೆ ಮನೆಯಲ್ಲಿ ಅಕ್ಕಿ, ಬೇಳೆ ‘ಎರಡೂ ಇಲ್ಲ’ ಎಂದರೆ ಅಕ್ಕಿಯೂ ಇಲ್ಲ, ಬೇಳೆಯೂ ಇಲ್ಲ ಎಂದೇ ಕನ್ನಡದ ಅರ್ಥ. ಅದು ನಾರ್! ಇಲ್ಲಿ ಒಂದು ಪದ ಸಾಲದು, ಇಡೀ ವಾಕ್ಯ ಬೇಕು. ನ್ಯಾಂಡ್: ಎರಡೂ 1 ಆದಾಗ ಮಾತ್ರ 0. ನಾರ್: ಎರಡೂ 0 ಆದಾಗ ಮಾತ್ರ 1. ಇವೆರಡನ್ನು ಗುರುತಿಸಲು ಒಂದು ಒಳಬದಿಗೆ 0, ಇನ್ನೊಂದಕ್ಕೆ 1 ಕೊಟ್ಟು ನೋಡಿದರೆ ಸಾಕು. ಹೊರಗೆ 1 ಬಂದರೆ ನ್ಯಾಂಡ್, 0 ಬಂದರೆ ನಾರ್. ಎರಡಕ್ಕೂ 0, ಅಥವಾ ಎರಡಕ್ಕೂ 1 ಕೊಟ್ಟರೆ ಎರಡು ಗೇಟುಗಳ ಉತ್ತರವೂ ಒಂದೇ ಆಗಿರುವುದರಿಂದ ವ್ಯತ್ಯಾಸ ತಿಳಿಯದು.

ಶಾಲೆಯ ಲೆಕ್ಕದಿಂದ ಬಂದ ಪದಗಳನ್ನೂ ಒರೆಗೆ ಹಚ್ಚಬೇಕು. ‘ಕ್ಯಾರಿ’ಗೆ ನಮ್ಮಲ್ಲಿ ‘ದಶಕ’ವಿದೆ, ‘ದಶಕಸಹಿತ ಸಂಕಲನ’ ಎಂದೇ ಕಲಿಸುತ್ತಾರೆ. ಆದರೆ ದ್ವಿಮಾನ ಪದ್ಧತಿಯಲ್ಲಿ 1 + 1 = 10 ಎಂದು ಬರೆದಾಗ ಎಡಕ್ಕೆ ಹೋದ ಒಂದರ ಬೆಲೆ ಹತ್ತಲ್ಲ, ಎರಡು. ಅದನ್ನು ದಶಕವೆಂದರೆ ಮಗು 10 ಅನ್ನು ಹತ್ತೆಂದೇ ಓದೀತು. ‘ಮುಂದಿನ ಸ್ಥಾನಕ್ಕೆ ಹೋಗುವ ಅಂಕೆ’ ಎಂದು ಬಿಡಿಸಿ ಹೇಳಿ, ‘ಕ್ಯಾರಿ’ಯನ್ನು ಹಾಗೆಯೇ ಉಳಿಸಿಕೊಳ್ಳುವುದು ಲೇಸು. ಇದೇ ಕೂಡುಲೆಕ್ಕದಲ್ಲಿ ಮೇಲಿನ ಪದಗಳ ಪರೀಕ್ಷೆಯೂ ಆಗುತ್ತದೆ. ಎರಡು ಅಂಕೆಗಳಲ್ಲಿ ‘ಒಂದು ಮಾತ್ರ’ 1 ಆದಾಗ ಮೊತ್ತದ ಸ್ಥಾನದಲ್ಲಿ 1. ‘ಎರಡೂ’ 1 ಆದಾಗ ಕ್ಯಾರಿ 1. ಒಂದು ಎಕ್ಸ್-ಆರ್, ಒಂದು ಆಂಡ್ ಸೇರಿದರೆ ‘ಹಾಫ್ ಆ್ಯಡರ್’ ಸಿದ್ಧ. ಕನ್ನಡದ ವಾಕ್ಯವೇ ಮಂಡಲದ ನಕ್ಷೆಯಾಯಿತು.

ಗೇಟುಗಳ ಹೆಸರನ್ನು ಬದಲಿಸಬೇಕೆಂದು ಇದರ ಅರ್ಥವಲ್ಲ. ಪ್ರಯೋಗಶಾಲೆಯಲ್ಲೂ ಉದ್ಯೋಗದಲ್ಲೂ ನ್ಯಾಂಡ್ ನ್ಯಾಂಡೇ. ಪದಕೋಶದ ಪ್ರತಿ ನಮೂದಿನಲ್ಲಿ ಆ ಹೆಸರು, ಅದು ಯಾವಾಗ 1 ಕೊಡುತ್ತದೆಂಬ ಒಂದು ಕನ್ನಡ ವಾಕ್ಯ, ನಾಲ್ಕು ಸಾಲಿನ ಕೋಷ್ಟಕ ಇರಲಿ. ವಾಕ್ಯ ಓದಿ ಕೋಷ್ಟಕವನ್ನು ತಾನೇ ಬರೆಯಲು ವಿದ್ಯಾರ್ಥಿಗೆ ಸಾಧ್ಯವಾದರೆ ಆ ನಮೂದು ಸರಿ; ಇಲ್ಲವಾದರೆ ತಿದ್ದಬೇಕಾದುದು ವಿದ್ಯಾರ್ಥಿಯನ್ನಲ್ಲ, ಪದಕೋಶವನ್ನು.