ಕಂತು ಇಳಿಯಿತು, ಬಡ್ಡಿ?

“ಮೂರು ಸಾಲಕ್ಕೆ ಮೂರು ಕಂತು ಯಾಕೆ ಸಾರ್? ಎಲ್ಲ ಸೇರಿಸಿ ಒಂದೇ ಮಾಡಿಕೊಡ್ತೀವಿ, ಬಡ್ಡಿನೂ ಕಮ್ಮಿ.” ಸಂಬಳದವರಿಗೆ ಇಂಥ ಫೋನು ಬರುತ್ತಲೇ ಇರುತ್ತದೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ, ಬಡ್ಡಿ ದರ ಇಳಿಯುವುದು ನಿಜವೇ. ಆದರೆ ಕೈಯಿಂದ ಹೋಗುವ ಬಡ್ಡಿ ಇಳಿಯುತ್ತದೆಯೇ ಎಂಬುದನ್ನು ಅವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಒಂದು ಲೆಕ್ಕ ಹಾಕಿಯೇ ನೋಡೋಣ. ಒಬ್ಬರಿಗೆ ಮೂರು ಸಾಲ ಇದೆ ಎಂದುಕೊಳ್ಳಿ. ಪರ್ಸನಲ್ ಲೋನಿನಲ್ಲಿ 1,20,000 ರೂಪಾಯಿ ಅಸಲು ಬಾಕಿ, ಬಡ್ಡಿ ಶೇ 18, ಇನ್ನು 18 ಕಂತು. ಬೈಕ್ ಲೋನಿನಲ್ಲಿ 40,000 ಬಾಕಿ, ಶೇ 14, ಇನ್ನು 12 ಕಂತು. ಕ್ರೆಡಿಟ್ ಕಾರ್ಡಿನಲ್ಲಿ 40,000 ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ, ಕಾರ್ಡನ್ನು ಮತ್ತೆ ಉಜ್ಜದೆ ಒಂದು ವರ್ಷದಲ್ಲಿ ತೀರಿಸುತ್ತಾರೆ. ಮೂರೂ ಸೇರಿ ಈಗ ತಿಂಗಳಿಗೆ ಸುಮಾರು 15,400 ಕಟ್ಟುತ್ತಿದ್ದಾರೆ. ಬ್ಯಾಂಕು ಶೇ 14ಕ್ಕೆ 2 ಲಕ್ಷದ ಒಂದೇ ಸಾಲ ಕೊಡಲು ಮುಂದೆ ಬಂದಿದೆ. ಅವಧಿ 5 ವರ್ಷ, ಕಂತು ಬರೀ 4,654. ಯಾರಿಗೆ ಬೇಡ?

ಇಲ್ಲಿ ನೋಡಬೇಕಾದದ್ದು ಹಳೆಯ ಸಾಲದ ದರವನ್ನಲ್ಲ, ಅದರಲ್ಲಿ ಇನ್ನು ಎಷ್ಟು ಬಡ್ಡಿ ಕಟ್ಟುವುದು ಬಾಕಿಯಿದೆ ಎಂಬುದನ್ನು. ಅದನ್ನು ತಿಳಿಯುವುದು ಸುಲಭ: ಉಳಿದ ಕಂತುಗಳ ಒಟ್ಟು ಮೊತ್ತದಲ್ಲಿ ಬಾಕಿ ಅಸಲನ್ನು ಕಳೆಯಿರಿ. ಪರ್ಸನಲ್ ಲೋನಿನ ಕಂತು 7,657. ಹದಿನೆಂಟು ಕಂತಿಗೆ ಸುಮಾರು 1,37,800. ಅಸಲು ಕಳೆದರೆ ಬಾಕಿ ಬಡ್ಡಿ 17,800. ಇದು ಮೂರು ವರ್ಷಕ್ಕೆ ತೆಗೆದ ಸಾಲ. ಸಾಲದ ಷೆಡ್ಯೂಲ್ ಹಾಳೆ ತೆಗೆದು ನೋಡಿದರೆ ಮೊದಲ ಕಂತಿನಲ್ಲಿ ಸುಮಾರು 3,180 ರೂಪಾಯಿ ಬಡ್ಡಿಗೇ ಹೋಗಿದೆ, ಈಗಿನ ಕಂತಿನಲ್ಲಿ 1,800, ಕೊನೆಯದರಲ್ಲಿ ಬರೀ 113. ಒಟ್ಟು 64,000ದಷ್ಟು ಬಡ್ಡಿಯಲ್ಲಿ 46,000 ಆಗಲೇ ಕಟ್ಟಿ ಆಗಿದೆ. ಊಟ ಮುಗಿಯುವ ಹೊತ್ತಿಗೆ ಹೋಟೆಲ್ ಬದಲಿಸಿದ ಹಾಗೆ.

ಬೈಕ್ ಸಾಲದ ಬಾಕಿ ಬಡ್ಡಿ 3,100. ಕಾರ್ಡಿನದು ಬಡ್ಡಿ ಮೇಲಿನ ಶೇ 18 ಜಿಎಸ್‌ಟಿ ಸೇರಿ 11,400. ಮೂರೂ ಕೂಡಿದರೆ 32,300.

ಈಗ ಹೊಸ ಸಾಲಕ್ಕೆ ಬನ್ನಿ. ಐದು ವರ್ಷಕ್ಕೆ ಬಡ್ಡಿ 79,200. ಪ್ರೊಸೆಸಿಂಗ್ ಶುಲ್ಕ ಶೇ 2 ಎಂದು ಹಿಡಿದರೆ ಜಿಎಸ್‌ಟಿ ಸೇರಿ 4,720. ಹಳೆಯ ಪರ್ಸನಲ್ ಲೋನನ್ನು ಅವಧಿಗೆ ಮೊದಲೇ ಮುಚ್ಚಲು ಶೇ 4 ದಂಡ ಎಂದರೆ ಜಿಎಸ್‌ಟಿ ಸೇರಿ 5,664. ಒಟ್ಟು ಸುಮಾರು 89,600. ಶೇ 18ರಿಂದ 14ಕ್ಕೆ ಇಳಿದು 57,000 ರೂಪಾಯಿ ಹೆಚ್ಚಿಗೆ ಕೊಟ್ಟಂತಾಯಿತು!

ಅವಧಿ ಎಳೆದದ್ದೇ ತಪ್ಪು, 18 ತಿಂಗಳಿಗೇ ತೆಗೆದರೆ ಎನ್ನಬಹುದು. ಆಗ ಕಂತು 12,383, ಬಡ್ಡಿ 22,900. ಶುಲ್ಕ, ದಂಡ ಸೇರಿಸಿದರೆ 33,300. ಅಂದರೆ ಇಷ್ಟೆಲ್ಲ ಓಡಾಡಿ, ಸಹಿ ಹಾಕಿ, ಹಳೆಯದಕ್ಕಿಂತ ಒಂದು ಸಾವಿರ ಜಾಸ್ತಿ.

ಹಾಗಾದರೆ ಒಂದುಗೂಡಿಸುವುದೇ ವ್ಯರ್ಥವೇ? ಅಲ್ಲ. ಮೂರನ್ನೂ ಒಂದೇ ಗಂಟು ಕಟ್ಟಿದ್ದರಲ್ಲಿ ತೊಂದರೆ. ಬೈಕ್ ಸಾಲ ಶೇ 14, ಹೊಸದೂ ಶೇ 14. ಅದನ್ನು ಸೇರಿಸಿದರೆ ಸಿಗುವುದು ಶುಲ್ಕ ಮಾತ್ರ. ಪರ್ಸನಲ್ ಲೋನಿನ ಲಾಭವನ್ನು ದಂಡ ನುಂಗುತ್ತದೆ. ಕಾರ್ಡಿನ 40,000 ಒಂದನ್ನೇ ಶೇ 14ಕ್ಕೆ ಒಂದು ವರ್ಷಕ್ಕೆ ಬದಲಿಸಿದರೆ ಬಡ್ಡಿ 3,100, ಶುಲ್ಕ 944. ಉಳಿತಾಯ 7,300ಕ್ಕೂ ಹೆಚ್ಚು. ಫೋನು ಮಾಡಿದವರು ಈ ಸಣ್ಣ ಸಾಲವನ್ನು ಉತ್ಸಾಹದಿಂದ ಕೊಡುತ್ತಾರೆ ಎಂದೇನೂ ಇಲ್ಲ, ಅವರ ಟಾರ್ಗೆಟ್ ಬೇರೆಯೇ ಇರುತ್ತದೆ.

ತಿಂಗಳಿಗೆ 15,400 ಹೊಂದಿಸಲು ಆಗುತ್ತಲೇ ಇಲ್ಲ, ಕಂತು ತಪ್ಪುತ್ತಿದೆ ಎನ್ನುವವರ ಮಾತು ಬೇರೆ. ಅವರಿಗೆ ಐದು ವರ್ಷದ ಸಾಲ ಉಸಿರಾಡಲು ಜಾಗ ಕೊಡುತ್ತದೆ. 57,000 ಅದರ ಬೆಲೆ ಎಂದು ತಿಳಿದೇ ತೆಗೆಯಲಿ, ಉಳಿತಾಯ ಎಂದುಕೊಂಡಲ್ಲ.

ಸಹಿಗೆ ಮುಂಚೆ ಎರಡು ಕಾಗದ ಕೇಳಿ. ಹಳೆಯ ಕಡೆಯಿಂದ ಫೋರ್‌ಕ್ಲೋಷರ್ ಲೆಟರ್: ದಂಡ ಸೇರಿ ಎಷ್ಟಕ್ಕೆ ಸಾಲ ಮುಚ್ಚುತ್ತದೆ ಎಂಬುದು ಅದರಲ್ಲಿರುತ್ತದೆ. ಹೊಸ ಕಡೆಯಿಂದ ಕೆಎಫ್‌ಎಸ್, ಅಂದರೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್: ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆ ಇದನ್ನು ಕೊಡಲೇಬೇಕು. ಅದರಲ್ಲಿ ಎಪಿಆರ್ ಎಂಬ ಸಾಲು ಹುಡುಕಿ. ಶುಲ್ಕ, ವಿಮೆ ಎಲ್ಲ ಸೇರಿದ ದರ ಅದೇ. ಬಾಯಲ್ಲಿ ಶೇ 14 ಎಂದದ್ದು ಅಲ್ಲಿ 16, 17 ಆಗಿದ್ದರೆ ಶುಲ್ಕವೋ, ಕೇಳದ ವಿಮೆಯೋ ಒಳಗೆ ಸೇರಿಕೊಂಡಿದೆ ಎಂದರ್ಥ.

ಹೊಸ ಸಾಲದ ಹಣ ಉಳಿತಾಯ ಖಾತೆಗೆ ಬಿದ್ದ ದಿನವೇ ಕಾರ್ಡಿಗೆ ಕಟ್ಟಿಬಿಡಿ. ಮುಂದಿನ ತಿಂಗಳ ಸ್ಟೇಟ್‌ಮೆಂಟನ್ನೂ ತೆರೆದು ನೋಡಿ. ಹಿಂದಿನ ಬಿಲ್ಲಿನ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಆಗ ಬರುತ್ತದೆ. ಬಾಕಿಯೇ ಇಲ್ಲವಲ್ಲ ಎಂದು ಅದನ್ನು ಬಿಟ್ಟವರಿಗೆ ಅದರ ಮುಂದಿನ ತಿಂಗಳೇ ಲೇಟ್ ಫೀ ಹತ್ತುತ್ತದೆ.